ದೋಸೆ ಏಳದ ವಿಡಿಯೋ: ಹಳೇ ರೀಲ್ ಮತ್ತೆ ಹಾಕುವ ಮೊದಲು ದೋಷ ಹುಡುಕುವ ಬಗೆ

ಕಬ್ಬಿಣದ ಕಾವಲಿಗೆ ದೋಸೆ ಅಂಟಿಕೊಳ್ಳುವುದು ಯಾವ ಕಾಲಕ್ಕೂ ಮುಗಿಯದ ತೊಂದರೆ. ನಮ್ಮ ಅತ್ತಿಗೆ ಅದಕ್ಕೆ ಪರಿಹಾರ ತೋರಿಸಿದ 52 ಸೆಕೆಂಡಿನ ಒಂದು ವಿಡಿಯೋವನ್ನು 2022ರ ಮಳೆಗಾಲದಲ್ಲಿ ಮಾಡಿದ್ದೆವು. ಅಡುಗೆ ಮತ್ತು ಮಾತು ಅವರದು, ಕ್ಯಾಮೆರಾ ಮತ್ತು ಎಡಿಟಿಂಗ್ ನನ್ನದು. ಪರಿಹಾರ ಇಷ್ಟೇ: ಕಾವಲಿಯ ಕರಕಲು ಉಜ್ಜಿ ತೆಗೆದು, ಎಣ್ಣೆ ಹಾಕಿ ಅರ್ಧ ಈರುಳ್ಳಿಯಲ್ಲಿ ಉಜ್ಜಿ, ನೀರಿನ ಹನಿ ಹಾಕಿ ಕಾವು ನೋಡುವುದು. ಹೇಳಿದ ವಿಷಯದಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ಇವತ್ತಿಗೂ ನಮ್ಮ ಮನೆಯಲ್ಲಿ ಕಾವಲಿ ಕೈಕೊಟ್ಟರೆ ಅತ್ತಿಗೆ ಮಾಡುವುದು ಅದನ್ನೇ. ಆದರೆ ವಿಡಿಯೋ ಮಾತ್ರ ಓಡಲಿಲ್ಲ.

ಮೂರು ವರ್ಷದ ನಂತರ ಅದನ್ನೇ ತಿದ್ದಿ ಮತ್ತೆ ಹಾಕಿದೆವು. ಮೊದಲ ಸಲ ತಿದ್ದಿದ್ದು ತಪ್ಪಾಯಿತು, ಎರಡನೇ ಸಲ ಸರಿಹೋಯಿತು. ತಪ್ಪು ಎಲ್ಲಿತ್ತು, ಅದು ಹೇಗೆ ಗೊತ್ತಾಯಿತು ಅನ್ನುವುದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಿಮ್ಮ ವಿಡಿಯೋ ಗಿಡದ್ದಿರಲಿ, ಹೊಲಿಗೆಯದ್ದಿರಲಿ, ಹುಡುಕುವ ದಾರಿ ಇದೇ.

ಮೊದಲು ನೋಡಬೇಕಾದ್ದು: ಇದು ತಿದ್ದಿದರೆ ಸರಿಹೋಗುವ ವಿಡಿಯೋನಾ?

ಹಳೇ ವಿಡಿಯೋದ ಇನ್‌ಸೈಟ್ಸ್, ಅಂದರೆ ಆ್ಯಪ್ ಕೊಡುವ ಲೆಕ್ಕ ತೆಗೆದು, ಜನ ಯಾವ ಸೆಕೆಂಡಿನಲ್ಲಿ ಬಿಟ್ಟು ಹೋದರು ಅಂತ ತೋರಿಸುವ ಗೆರೆಯನ್ನು ನೋಡಿ. ಎಷ್ಟು ಜನ ನೋಡಿದರು ಅನ್ನುವ ಸಂಖ್ಯೆಯನ್ನು ಸದ್ಯಕ್ಕೆ ಬದಿಗಿಡಿ. ಆ ಗೆರೆ ಸಾಮಾನ್ಯವಾಗಿ ಮೂರು ಥರ ಇರುತ್ತದೆ.

ಶುರುವಿನಲ್ಲೇ ದಿಢೀರ್ ಅಂತ ಬಿದ್ದು, ಆಮೇಲೆ ಕೊನೆತನಕ ಹೆಚ್ಚುಕಮ್ಮಿ ಸಮವಾಗಿ ಹೋದರೆ ಒಳ್ಳೇ ಸುದ್ದಿ. ಬಾಗಿಲಲ್ಲೇ ಜನ ವಾಪಸ್ ಹೋಗುತ್ತಿದ್ದಾರೆ, ಒಳಗೆ ಬಂದವರು ಮಾತ್ರ ಕೂತು ಊಟ ಮಾಡಿಯೇ ಎದ್ದಿದ್ದಾರೆ ಅಂತ ಅರ್ಥ. ಇಲ್ಲಿ ದೋಷ ಹುಕ್‌ನದ್ದು, ಅಂದರೆ ಮೊದಲ ಎರಡು ಮೂರು ಸೆಕೆಂಡಿನದ್ದು. ಗೆರೆ ಶುರುವಿನಲ್ಲಿ ನಿಂತು, ನಡುವೆ ಒಂದು ಜಾಗದಲ್ಲಿ ಮೆಟ್ಟಿಲಿನ ಥರ ಇಳಿದಿದ್ದರೆ, ಆ ಸೆಕೆಂಡಿಗೆ ಹೋಗಿ ಪರದೆ ಮೇಲೆ ಏನಿದೆ ನೋಡಿ. ನಮ್ಮಂಥವರ ವಿಡಿಯೋದಲ್ಲಿ ಅಲ್ಲಿ ಬಹುಪಾಲು ಒಂದು ಟೈಟಲ್ ಕಾರ್ಡ್, ಅಂದರೆ ಪರದೆ ಮೇಲೆ ಬರೆದ ಅಕ್ಷರ ಕೂತಿರುತ್ತದೆ. ಮೂರನೆಯದು, ಉದ್ದಕ್ಕೂ ಒಂದೇ ಇಳಿಜಾರು. ಯಾವ ಜಾಗದಲ್ಲೂ ಜನರಿಗೆ ಹಿಡಿತ ಸಿಕ್ಕಿಲ್ಲ. ಇದಕ್ಕೆ ಹುಕ್ ಬದಲಿಸಿದರೆ ಪ್ರಯೋಜನವಿಲ್ಲ, ವಿಡಿಯೋವನ್ನೇ ಹೊಸದಾಗಿ ಶೂಟ್ ಮಾಡಬೇಕು.

ನಮ್ಮದು ಮೊದಲನೇ ಥರದ್ದು. ನೂರು ಜನ ಶುರು ಮಾಡಿದರೆ ಮೂರನೇ ಸೆಕೆಂಡಿಗೆ 45 ಜನ, ಒಂಬತ್ತನೇ ಸೆಕೆಂಡಿಗೆ 22 ಜನ. ಅಲ್ಲಿಂದ ಕೊನೆಗೆ ಬರುವ ಹೊತ್ತಿಗೆ 15. ಅಂದರೆ ಒಂಬತ್ತು ಸೆಕೆಂಡಿನಲ್ಲಿ 78 ಜನ ಹೋದರು, ಉಳಿದ 43 ಸೆಕೆಂಡಿನಲ್ಲಿ ಬರೀ ಏಳು ಜನ.

ಇನ್ನೊಂದು ಗುರುತೂ ಇತ್ತು. ಲೈಕ್‌ಗಿಂತ ಸೇವ್ ಜಾಸ್ತಿ ಇದ್ದವು. ಕಾವಲಿ ಕೈಕೊಟ್ಟ ದಿನ ಬೇಕಾಗುತ್ತೆ ಅಂತ ಜನ ಎತ್ತಿಟ್ಟುಕೊಂಡಿದ್ದಾರೆ. ಹಳೆಯದಾದರೂ ಹಳಸದ ವಿಡಿಯೋಗೆ ಇದಕ್ಕಿಂತ ಒಳ್ಳೇ ಸಾಕ್ಷಿ ನನಗೆ ಗೊತ್ತಿಲ್ಲ. ಸೇವ್ ಇಲ್ಲ, ಕಾಮೆಂಟಿನಲ್ಲಿ ಒಂದು ಪ್ರಶ್ನೆಯೂ ಇಲ್ಲ ಅಂದರೆ ಆ ವಿಡಿಯೋ ಬಿಟ್ಟು ಬೇರೆಯದನ್ನು ಆರಿಸಿಕೊಳ್ಳಿ.

ಮೊದಲ ಒಂಬತ್ತು ಸೆಕೆಂಡಿನಲ್ಲಿ ಏನಿತ್ತು?

ಗಡಿಯಾರ ಹಿಡಿದು ಬರೆದುಕೊಂಡೆ. ಸೊನ್ನೆಯಿಂದ ಆರನೇ ಸೆಕೆಂಡಿನ ತನಕ ಅತ್ತಿಗೆ ಕ್ಯಾಮೆರಾ ನೋಡಿ, "ಎಲ್ಲರಿಗೂ ನಮಸ್ಕಾರ, ಹೇಗಿದ್ದೀರಾ, ಇವತ್ತು ನಾನು ನಿಮಗೆ ಒಂದು ಒಳ್ಳೇ ಟಿಪ್ಸ್ ಹೇಳಿಕೊಡ್ತೀನಿ" ಅನ್ನುತ್ತಾರೆ. ಆರರಿಂದ ಒಂಬತ್ತರ ತನಕ ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರದಲ್ಲಿ "ದೋಸೆ ಟಿಪ್ಸ್". ಕಾವಲಿ ಮೊದಲ ಸಲ ಕಾಣಿಸುವುದೇ ಒಂಬತ್ತನೇ ಸೆಕೆಂಡಿಗೆ.

ಬೆಳಗ್ಗೆ ಏಳೂವರೆಗೆ, ಮಗು ಸ್ಕೂಲಿಗೆ ಹೊರಟಿರುವಾಗ, ದೋಸೆ ಹರಿದು ಕೂತಿರುವ ಒಬ್ಬರು ಇದನ್ನು ನೋಡಿದರೆ, ಇದು ತಮಗಾಗಿ ಮಾಡಿದ್ದು ಅಂತ ಅವರಿಗೆ ಗೊತ್ತಾಗುವ ಒಂದೇ ಒಂದು ಗುರುತೂ ಆ ಒಂಬತ್ತು ಸೆಕೆಂಡಿನಲ್ಲಿ ಇಲ್ಲ. ಹುಕ್ ಅಂದರೆ ಕೂಗಿ ಕರೆಯುವುದಲ್ಲ. ತೊಂದರೆಯಲ್ಲಿ ಇರುವವರಿಗೆ "ಇದು ನಿಮ್ಮದೇ ತೊಂದರೆ" ಅಂತ ಗುರುತು ತೋರಿಸುವುದು. ಇದು ನನಗೆ ಆಗ ಗೊತ್ತಿರಲಿಲ್ಲ. ಅದಕ್ಕೇ ಮೊದಲ ಸಲ ತಿದ್ದುವಾಗ ಎಡವಿದೆ.

ತಪ್ಪಾದ ತಿದ್ದುಪಡಿ: ದೋಷ ಹೋಗಲಿಲ್ಲ, ಜಾಗ ಬದಲಾಯಿತು

ಮುಂದುಗಡೆ ಮೂರು ಸೆಕೆಂಡಿನ ಹೊಸ ತುಣುಕು ಅಂಟಿಸಿದೆ. "ಈ ಒಂದು ತಪ್ಪಿನಿಂದ ನಿಮ್ಮ ಕಾವಲಿ ಹಾಳಾಗ್ತಿದೆ!" ಅಂತ ಹಳದಿ ಅಕ್ಷರ, ಹಿಂದೆ ಜೋರು ಸಂಗೀತ. ಅದಾದ ಮೇಲೆ ಹಳೇ ವಿಡಿಯೋ ಇದ್ದ ಹಾಗೇ.

ಮೂರನೇ ಸೆಕೆಂಡಿಗೆ 70 ಜನ ಉಳಿದರು. ಖುಷಿಪಟ್ಟೆ. ಗೆರೆಯನ್ನು ಮುಂದಕ್ಕೆ ನೋಡಿದರೆ ಹತ್ತನೇ ಸೆಕೆಂಡಿಗೆ 25. ಮೊದಲು ಬಾಗಿಲಲ್ಲಿ ಹೋಗುತ್ತಿದ್ದವರು ಈಗ ಜಗಲಿತನಕ ಬಂದು ಹೋದರು, ಅಷ್ಟೇ. ಸೇವ್‌ಗಳೂ ಹಳೆಯದಕ್ಕಿಂತ ಕಡಿಮೆ. "ವಿಷಯಕ್ಕೆ ಬನ್ನಿ" ಅಂತ ಒಬ್ಬರು ಕಾಮೆಂಟ್ ಹಾಕಿದ್ದರು. ಅವರು ಹೇಳಿದ್ದು ನೂರಕ್ಕೆ ನೂರು ನಿಜ. ತಪ್ಪು ಯಾವುದು ಅಂತ ಆಸೆ ಹುಟ್ಟಿಸಿ, ಮತ್ತೆ "ಎಲ್ಲರಿಗೂ ನಮಸ್ಕಾರ" ಅಂದರೆ ಯಾರು ಕೂರುತ್ತಾರೆ?

ಇದೇ ಈ ಕೆಲಸದ ಮುಖ್ಯ ಪರೀಕ್ಷೆ. ಹುಕ್ ಬದಲಿಸಿದ ಮೇಲೆ ಮೂರನೇ ಸೆಕೆಂಡಿನ ಲೆಕ್ಕ ಮಾತ್ರ ನೋಡಬೇಡಿ. ಹತ್ತನೆಯದನ್ನೂ ನೋಡಿ. ಮೂರಕ್ಕೆ ಏರಿ ಹತ್ತಕ್ಕೆ ಕುಸಿದರೆ, ಹುಕ್ ಒಂದು ಮಾತು ಕೊಟ್ಟಿದೆ, ಅದರ ಹಿಂದೆ ಬರುವ ದೃಶ್ಯ ಆ ಮಾತು ನಡೆಸಿಲ್ಲ ಅಂತ ತಿಳಿಯಿರಿ. ಆಗ ಹುಕ್‌ಗೆ ಇನ್ನಷ್ಟು ಖಾರ ಹಾಕಬಾರದು, ಉತ್ತರವನ್ನು ಮುಂದಕ್ಕೆ ತರಬೇಕು.

ಹೊಸ ಹುಕ್ ಸಿಕ್ಕಿದ್ದು ಹಳೇ ಕಾಮೆಂಟುಗಳಲ್ಲಿ

ಹಳೇ ವಿಡಿಯೋದ ಕಾಮೆಂಟುಗಳನ್ನೆಲ್ಲ ಒಂದು ಸಂಜೆ ಕೂತು ಓದಿದೆ. ಹೊಗಳಿಕೆ ಬಿಟ್ಟು ಪ್ರಶ್ನೆಗಳನ್ನು ಮಾತ್ರ ಪುಸ್ತಕದಲ್ಲಿ ಬರೆದುಕೊಂಡೆ. ಒಂದೇ ವಿಷಯ ಬೇರೆ ಬೇರೆ ಮಾತಿನಲ್ಲಿ ಬರುತ್ತಿತ್ತು: ನಿನ್ನೆ ಚಪಾತಿ ಮಾಡಿದ್ದೆ, ಇವತ್ತು ದೋಸೆ ಏಳ್ತಾನೇ ಇಲ್ಲ.

ಇದು ನಿಜವಾದ ಕಾರಣವೇ. ಎಣ್ಣೆ ಕಾದು ಕಾದು ಕಬ್ಬಿಣದ ಮೇಲೆ ಒಂದು ನುಣುಪಾದ ಪದರ ಕೂತಿರುತ್ತದೆ, ದೋಸೆ ಏಳುವುದು ಅದರಿಂದ. ಚಪಾತಿಗೆ ಕಾವಲಿ ಒಣಗಿದ್ದು ಜೋರಾಗಿ ಕಾಯುತ್ತದೆ. ಆ ಪದರ ಸುಡುತ್ತದೆ, ಉದುರಿದ ಒಣ ಹಿಟ್ಟು ಕರಕಲಾಗಿ ಅಂಟಿಕೊಳ್ಳುತ್ತದೆ. ಮರುದಿನ ಹಿಟ್ಟು ಹೊಯ್ದರೆ ಅದು ಆ ಕರಕಲನ್ನೇ ಹಿಡಿದುಕೊಳ್ಳುತ್ತದೆ. ಇದನ್ನು ಅತ್ತಿಗೆ ಹಳೇ ವಿಡಿಯೋದಲ್ಲೇ ಹೇಳಿದ್ದರು, ಹದಿನಾಲ್ಕನೇ ಸೆಕೆಂಡಿನಲ್ಲಿ. ಚಿನ್ನದಂಥ ಮಾತು ಅಲ್ಲಿ ಬಿದ್ದಿತ್ತು.

ಹಾಗಾಗಿ ಹುಕ್ ಹೀಗೆ ಬರೆದೆವು. ದೃಶ್ಯ: ಕಾವಲಿ ಮೇಲೆ ದೋಸೆ, ಮಗುಚುವ ಸಟ್ಟುಗ ಅದರ ಅಡಿಗೆ ಹೋಗಿ ಕರಕರ ಅಂತ ಕೆರೆಯುತ್ತದೆ, ದೋಸೆ ಹರಿಯುತ್ತದೆ. ಮಾತು: "ನಿನ್ನೆ ಇದೇ ಕಾವಲಿ ಮೇಲೆ ಚಪಾತಿ ಮಾಡಿದ್ರಾ? ಅದಕ್ಕೇ ದೋಸೆ ಏಳ್ತಿಲ್ಲ." ಸಂಗೀತ ಇಲ್ಲ. ಕೆರೆಯುವ ಸದ್ದು ಕೇಳಿಸಲೇಬೇಕು, ಅಡುಗೆ ಮಾಡುವವರಿಗೆ ಆ ಸದ್ದೇ ಸಾಕು.

ಅತ್ತಿಗೆ ಒಪ್ಪಲಿಲ್ಲ. "ಹರಿದ ದೋಸೆ ತೋರಿಸ್ತೀಯೇನೋ? ನೋಡಿದವರು ಏನಂದ್ಕೊತಾರೆ?" ಅಂದರು.

"ಅತ್ತಿಗೆ, ಅವರ ಮನೇಲಿ ಈಗ ಆಗ್ತಿರೋದು ಇದೇ. ನಿಮ್ಮ ಚೆಂದದ ದೋಸೆ ಕೊನೇಲಿ ಇದ್ದೇ ಇರುತ್ತಲ್ಲ" ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, ತಾವೇ ಹಿಂದಿನ ರಾತ್ರಿ ಚಪಾತಿ ಮಾಡಿ ಕಾವಲಿಯನ್ನು ತೊಳೆಯದೆ ಇಟ್ಟರು. ಬೆಳಗ್ಗೆ ಹರಿದ ದೋಸೆ ನಾಟಕದ್ದಲ್ಲ, ನಿಜವಾಗಿಯೇ ಹರಿದದ್ದು.

ಹೊಸ ತುಣುಕನ್ನು ಹಳೇ ವಿಡಿಯೋಗೆ ಸೇರಿಸುವಾಗ ಒಂದು ತೊಡಕು ಬರುತ್ತದೆ. ಹಳೆಯದರಲ್ಲಿ ಅತ್ತಿಗೆ ಹಸಿರು ಗಾಜಿನ ಬಳೆ ಹಾಕಿದ್ದರು. ಮೂರು ಸೆಕೆಂಡಿಗೇ ಬಳೆ ಬದಲಾದರೆ ನೋಡುವವರ ಗಮನ ದೋಸೆ ಬಿಟ್ಟು ಕೈಗೆ ಹೋಗುತ್ತದೆ. ಅದೇ ಬಳೆ, ಅದೇ ಕಿಟಕಿಯ ಬೆಳಕು, ಬೆಳಗ್ಗೆ ಅದೇ ಹೊತ್ತು ಇಟ್ಟುಕೊಂಡೆವು. ದನಿಯನ್ನೂ ಅದೇ ಅಡುಗೆಮನೆಯಲ್ಲಿ, ಫೋನನ್ನು ಅಷ್ಟೇ ದೂರ ಇಟ್ಟು ರೆಕಾರ್ಡ್ ಮಾಡಿದೆವು. ಮಲಗುವ ಕೋಣೆಯಲ್ಲಿ ಮಾಡಿದ ರೆಕಾರ್ಡಿಂಗ್ ತುಂಬ ಒಣಗಿದಂತೆ ಕೇಳುತ್ತದೆ, ಅಂಟಿಸಿದ್ದು ಅಂತ ತಕ್ಷಣ ಗೊತ್ತಾಗುತ್ತದೆ.

ನಮಸ್ಕಾರ ಮತ್ತು ಕಪ್ಪು ಪರದೆ ಎರಡನ್ನೂ ತೆಗೆದೆ. "ಇವತ್ತು", "ಈ ಮಳೆಗಾಲದಲ್ಲಿ" ಅನ್ನುವ ಮಾತುಗಳನ್ನೂ ಕತ್ತರಿಸಿದೆ. ಬೇಸಿಗೆಯಲ್ಲಿ ನೋಡುವವರಿಗೆ ಆ ಒಂದು ಪದವೇ ಇದು ಹಳೇದು ಅಂತ ಹೇಳಿಬಿಡುತ್ತದೆ. ಒಟ್ಟು ಉದ್ದ 38 ಸೆಕೆಂಡಿಗೆ ಬಂತು.

ಟೈಟಲ್ ಕಾರ್ಡ್: ಶಬ್ದ ಇಲ್ಲದೆ ನೋಡಿ

ಕಾರ್ಡುಗಳ ದೋಷ ಹುಡುಕಲು ಒಂದೇ ಉಪಾಯ. ಫೋನಿನ ಶಬ್ದ ಪೂರ್ತಿ ತೆಗೆದು, ವಿಡಿಯೋ ಮೊದಲ ಸಲ ನೋಡುವ ಒಬ್ಬರ ಕೈಗೆ ಕೊಡಿ. ಮುಗಿದ ಮೇಲೆ "ಏನು ಮಾಡಬೇಕು ಹೇಳಿ" ಅಂತ ಕೇಳಿ. ನಾನು ಪಕ್ಕದ ಮನೆಯ ಆಂಟಿಗೆ ಕೊಟ್ಟೆ. "ಏನೋ ಕಾವಲಿ ತೊಳೀತಾರೆ, ಆಮೇಲೆ ನೀರು ಹಾಕ್ತಾರೆ" ಅಂದರು. ಈರುಳ್ಳಿ ಯಾಕೆ, ನೀರು ಯಾಕೆ, ಎರಡೂ ಅವರಿಗೆ ಗೊತ್ತಾಗಿರಲಿಲ್ಲ.

ಹಳೇ ಕಾರ್ಡುಗಳಲ್ಲಿ "ಹಂತ 2: ಸ್ವಚ್ಛಗೊಳಿಸುವಿಕೆ", "ಹಂತ 4: ಸೂಕ್ತ ತಾಪಮಾನ" ಅಂತೆಲ್ಲ ಇತ್ತು. ಅಡುಗೆಮನೆಯಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ. ಅದಕ್ಕಿಂತ ದೊಡ್ಡ ದೋಷ, ಕಾರ್ಡು ಹೆಸರು ಹೇಳುತ್ತದೆ, ಕೆಲಸ ಹೇಳುವುದಿಲ್ಲ. ಬದಲಿಗೆ "ಕರಕಲು ಹಿಟ್ಟು ಉಜ್ಜಿ ತೆಗೀರಿ" ಅಂತ ಬರೆದೆ. ಈರುಳ್ಳಿಗೆ "ಎಣ್ಣೆ ಹಾಕಿ ಈರುಳ್ಳಿಯಲ್ಲಿ ಉಜ್ಜಿ". ನೀರಿನದ್ದೇ ಕಷ್ಟ ಕೊಟ್ಟಿತು, ಯಾಕಂದರೆ ಅಲ್ಲಿ ಹೇಳಬೇಕಾದ್ದು ಎರಡಿದೆ. ಹನಿ ಚುಂಯ್ ಅಂದು ಕೂಡಲೇ ಆರಿದರೆ ಹದ ಸರಿ. ಹನಿ ಉಂಡೆಯಾಗಿ ಕಾವಲಿ ತುಂಬ ಓಡಾಡಿದರೆ ಕಾವು ಜಾಸ್ತಿ, ಹಿಟ್ಟು ಹರಡುವ ಮೊದಲೇ ಗಟ್ಟಿಯಾಗುತ್ತದೆ. ಎರಡನ್ನೂ ಒಂದೇ ಕಾರ್ಡಿಗೆ ತುರುಕಿದರೆ ಓದಲಾಗುವುದಿಲ್ಲ. "ಚುಂಯ್ ಅಂದ್ರೆ ಹದ" ಅಂತ ಒಂದು, "ಹನಿ ಓಡಿದ್ರೆ ಕಾವು ಜಾಸ್ತಿ" ಅಂತ ಇನ್ನೊಂದು ಮಾಡಿದೆ.

ಎಷ್ಟು ಹೊತ್ತು ಇಡಬೇಕು? ಕಾರ್ಡನ್ನು ಮಾಮೂಲಿ ವೇಗದಲ್ಲಿ ಎರಡು ಸಲ ಬಾಯಿಬಿಟ್ಟು ಓದಿ, ಅಷ್ಟು ಹೊತ್ತು ಇಡಿ. ಕನ್ನಡದ ಪದಗಳು ಉದ್ದ. ನಾಲ್ಕು ಪದ ದಾಟಿದರೆ ಎರಡನೇ ಸಾಲು ಬೇಕಾಗುತ್ತದೆ, ಆಗ ಒಂದನ್ನು ಎರಡು ಮಾಡುವುದೇ ಲೇಸು. ಕಾರ್ಡಿಗಾಗಿ ದೃಶ್ಯ ನಿಲ್ಲಿಸಬೇಡಿ, ಕೆಲಸ ನಡೆಯುತ್ತಿರುವ ದೃಶ್ಯದ ಮೇಲೆಯೇ ಬರಲಿ.

ಜಾಗದ ವಿಷಯ. ನಿಂತ ವಿಡಿಯೋ ಸಾಮಾನ್ಯವಾಗಿ 1080×1920 ಅಳತೆಯದ್ದು. ಕೆಳಗಿನ ಸುಮಾರು ಐದನೇ ಒಂದು ಭಾಗದಲ್ಲಿ ಖಾತೆಯ ಹೆಸರು, ಕ್ಯಾಪ್ಶನ್ ಬಂದು ಕೂರುತ್ತದೆ. ಬಲಗಡೆ ಲೈಕ್, ಶೇರ್ ಗುಂಡಿಗಳಿರುತ್ತವೆ. ನಮ್ಮ ಹಳೇ ಕಾರ್ಡುಗಳೆಲ್ಲ ಕೆಳಗೇ ಇದ್ದವು, ಅರ್ಧ ಅಕ್ಷರ ಕ್ಯಾಪ್ಶನ್ ಅಡಿಗೆ ಹೋಗಿತ್ತು. ನಡುವಿಗಿಂತ ಸ್ವಲ್ಪ ಮೇಲೆ ಇಟ್ಟರೆ ಈ ಗೋಳಿಲ್ಲ.

ಇನ್ನೊಂದು ನಮ್ಮ ಲಿಪಿಯದ್ದೇ ದೋಷ: ಒತ್ತಕ್ಷರ. ಕೆಲವು ಎಡಿಟಿಂಗ್ ಆ್ಯಪ್‌ಗಳಲ್ಲಿ "ಎಣ್ಣೆ" ಬರೆದರೆ "ಎಣ್‌ಣೆ" ಅಂತ ಒಡೆದು ಕೂರುತ್ತದೆ. ಇನ್ನು ಕೆಲವು ಫಾಂಟ್‌ಗಳಲ್ಲಿ ಅಕ್ಷರ ಸರಿ ಇರುತ್ತದೆ, ಆದರೆ ಸಾಲುಗಳು ಹತ್ತಿರವಾಗಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಹೊಸ ಫಾಂಟ್ ತೆಗೆದುಕೊಂಡ ಕೂಡಲೇ ನಾನು "ಎಣ್ಣೆ, ಕಬ್ಬಿಣ, ಅರ್ಧ, ಈರುಳ್ಳಿ" ಅಂತ ಎರಡು ಸಾಲಿನಲ್ಲಿ ಬರೆದು, ಎಕ್ಸ್‌ಪೋರ್ಟ್ ಮಾಡಿ, ಫೋನಿನಲ್ಲಿ ನೋಡುತ್ತೇನೆ. ಎಡಿಟ್ ಮಾಡುವ ಪರದೆಯಲ್ಲಿ ಸರಿ ಕಂಡಿದ್ದು ಎಕ್ಸ್‌ಪೋರ್ಟ್ ಆದ ಮೇಲೆ ಒಡೆದಿರುವುದುಂಟು. ನಾನು ಈಗ ಬಳಸುವುದು `Noto Sans Kannada` ಅಥವಾ ಸ್ವಲ್ಪ ದಪ್ಪ ಬೇಕಾದಾಗ `Baloo Tamma 2`. ಎರಡೂ ಉಚಿತ, ಎರಡೂ ಯೂನಿಕೋಡ್.

ಹಳೇ ಕಾರ್ಡು ವಿಡಿಯೋಗೇ ಅಂಟಿಹೋಗಿದ್ದರೆ, ಅಂದರೆ ಪ್ರಾಜೆಕ್ಟ್ ಫೈಲ್ ಕಳೆದುಹೋಗಿ ಎಕ್ಸ್‌ಪೋರ್ಟ್ ಮಾಡಿದ್ದು ಮಾತ್ರ ಉಳಿದಿದ್ದರೆ, ಅಕ್ಷರವನ್ನು ಸಲೀಸಾಗಿ ಅಳಿಸಲು ಬರುವುದಿಲ್ಲ. ಅದರ ಮೇಲೆ ಗಟ್ಟಿ ಬಣ್ಣದ ಪಟ್ಟಿ ಹಾಕಿ ಹೊಸದು ಬರೆಯಬೇಕು, ಇಲ್ಲವೇ ಆ ತುಣುಕನ್ನೇ ಮತ್ತೆ ಶೂಟ್ ಮಾಡಬೇಕು. ಬೇರೆ ಆ್ಯಪಿನಿಂದ ಡೌನ್‌ಲೋಡ್ ಮಾಡಿದ್ದನ್ನು ಮಾತ್ರ ಬಳಸಬೇಡಿ. ಚಿತ್ರ ಮಸುಕಾಗಿರುತ್ತದೆ, ಜೊತೆಗೆ ಆ ಆ್ಯಪಿನ ಗುರುತು ಬಿದ್ದಿರುತ್ತದೆ. ಬೇರೆ ಆ್ಯಪಿನ ಗುರುತಿರುವ ರೀಲ್‌ಗಳನ್ನು ಹೊಸಬರಿಗೆ ಕಡಿಮೆ ತೋರಿಸುತ್ತೇವೆ ಅಂತ ಇನ್‌ಸ್ಟಾಗ್ರಾಮ್ 2021ರಲ್ಲೇ ಹೇಳಿದೆ.

ಕ್ಯಾಪ್ಶನ್: ಯಾವ ಊರಿನ ಪದ?

ಹಳೇ ಕ್ಯಾಪ್ಶನ್ ಶುರುವಾಗುತ್ತಿದ್ದುದು "ಎಲ್ಲರಿಗೂ ಶುಭೋದಯ, ವಿಡಿಯೋ ಇಷ್ಟ ಆದ್ರೆ ಶೇರ್ ಮಾಡಿ" ಅಂತ. ರೀಲ್ ಓಡುವಾಗ ಕಾಣುವುದು ಮೊದಲ ಸಾಲು ಮಾತ್ರ, ಅದೂ ಪೂರ್ತಿ ಅಲ್ಲ. ಆ ಜಾಗ ಶುಭೋದಯಕ್ಕೆ ಹೋಗಿತ್ತು.

ಹುಡುಕುವವರ ಮಾತಿನಲ್ಲಿ ಬರೆಯೋಣ ಅಂದರೆ ಇನ್ನೊಂದು ಪ್ರಶ್ನೆ ಬರುತ್ತದೆ. ನಮ್ಮ ಕಡೆ ಕಾವಲಿ ಅನ್ನುತ್ತೇವೆ. ಕೆಲವರಿಗೆ ಅದು ಹೆಂಚು, ಉತ್ತರ ಕರ್ನಾಟಕದವರಿಗೆ ಹಂಚು, ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ತವಾ. ಕನ್ನಡ ಕೀಬೋರ್ಡ್ ಬಳಸದೆ `dose kavali ge antutte` ಅಂತ ಹುಡುಕುವವರು ಬೇರೆ. ಎಲ್ಲವನ್ನೂ ಹ್ಯಾಶ್‌ಟ್ಯಾಗ್ ರಾಶಿ ಮಾಡಿದರೆ ಓದುವವರಿಗೆ ಕಿರಿಕಿರಿ. ವಾಕ್ಯದೊಳಗೇ ಸಹಜವಾಗಿ ಬರುವಂತೆ ಮಾಡಿದೆ:

"ಚಪಾತಿ ಮಾಡಿದ ಕಾವಲಿಯಲ್ಲಿ ದೋಸೆ ಏಳ್ತಿಲ್ವಾ? ಹೆಂಚು, ತವಾ, ಏನೇ ಅನ್ನಿ, ಕಬ್ಬಿಣದ್ದಾದ್ರೆ ಹೀಗೆ ಮಾಡಿ. ಬಿಸಿ ನೀರಲ್ಲಿ ಕರಕಲು ಉಜ್ಜಿ ತೆಗೆದು ಒಣಗಿಸಿ. ಸಣ್ಣ ಉರಿಯಲ್ಲಿ ಕಾಯಿಸಿ 1 ಚಮಚ ಎಣ್ಣೆ ಹಾಕಿ, ಅರ್ಧ ಈರುಳ್ಳಿಯಲ್ಲಿ ಚೆನ್ನಾಗಿ ಉಜ್ಜಿ. ಮೊದಲ ದೋಸೆ ಚಿಕ್ಕದಾಗಿ ಹಾಕಿ ನೋಡಿ. ನಾನ್‌ಸ್ಟಿಕ್‌ಗೆ ಇದು ಬೇಡ."

ಕೊನೇ ವಾಕ್ಯ ಅತ್ತಿಗೆಯದು. ಹಳೇ ಕಾಮೆಂಟಿನಲ್ಲಿ ಒಬ್ಬರು ನಾನ್‌ಸ್ಟಿಕ್ ತವಾ ಉಜ್ಜಿ ಹಾಳು ಮಾಡಿಕೊಂಡಿದ್ದನ್ನು ಅವರು ಮರೆತಿರಲಿಲ್ಲ.

ಹುಕ್, ಮೊದಲ ಕಾರ್ಡು, ಕ್ಯಾಪ್ಶನ್‌ನ ಮೊದಲ ಸಾಲು, ಮೂರೂ ಒಂದೇ ವಾಕ್ಯವನ್ನು ಹಾಗೇ ಹೇಳಬಾರದು, ಒಂದೇ ವಿಷಯ ಹೇಳಬೇಕು. ದನಿ ಚಪಾತಿ ಅಂದರೆ, ಕಾರ್ಡು "ಕರಕಲು" ತೋರಿಸಲಿ, ಕ್ಯಾಪ್ಶನ್ ಪ್ರಶ್ನೆ ಕೇಳಲಿ. ಒಂದು ಸೋಪಿನ ಬಗ್ಗೆ, ಇನ್ನೊಂದು ಚಪಾತಿಯ ಬಗ್ಗೆ ಇದ್ದರೆ ನೋಡುವವರು ಗೊಂದಲಕ್ಕೆ ಬೀಳುತ್ತಾರೆ.

ಮತ್ತೆ ಹಾಕುವಾಗ ಮತ್ತು ಹಾಕಿದ ಮೇಲೆ

ಹಾಕಿದ ವಿಡಿಯೋದ ಫೈಲನ್ನು ಅದೇ ಲಿಂಕಿನಲ್ಲಿ ಬದಲಿಸಲು ಯೂಟ್ಯೂಬಿನಲ್ಲೂ ಆಗುವುದಿಲ್ಲ, ಇನ್‌ಸ್ಟಾಗ್ರಾಮಿನಲ್ಲೂ ಆಗುವುದಿಲ್ಲ. ಕ್ಯಾಪ್ಶನ್, ಶೀರ್ಷಿಕೆಯಂಥವನ್ನು ತಿದ್ದಬಹುದು. ಆದ್ದರಿಂದ ಹೊಸ ಹುಕ್ ಬೇಕಾದರೆ ಹೊಸದಾಗಿಯೇ ಹಾಕಬೇಕು. ಹಾಗಂತ ಹಳೆಯದನ್ನು ಅಳಿಸಬೇಡಿ. ಮೊದಲು ಯೂಟ್ಯೂಬ್ ಸ್ಟುಡಿಯೋದಲ್ಲಿ ಜನ ಎಲ್ಲಿಂದ ಬರುತ್ತಿದ್ದಾರೆ ನೋಡಿ. `YouTube search` ನಿಂದ ಇನ್ನೂ ಬರುತ್ತಿದ್ದರೆ ಅದು ದುಡಿಯುತ್ತಿರುವ ವಿಡಿಯೋ, ಅದರ ಶೀರ್ಷಿಕೆ ತಿದ್ದಿ ಹಾಗೇ ಬಿಡಿ. ಸೇವ್ ಮಾಡಿಟ್ಟುಕೊಂಡವರೂ ಇದ್ದಾರೆ ಅಲ್ವಾ, ಅಳಿಸಿದರೆ ಅವರ ಕೈಯಿಂದ ಕಿತ್ತುಕೊಂಡ ಹಾಗೆ.

ಎರಡು ಹುಕ್ ನಡುವೆ ಅನುಮಾನ ಇದ್ದರೆ ಇನ್‌ಸ್ಟಾಗ್ರಾಮಿನ ಟ್ರಯಲ್ ರೀಲ್ ಉಪಯೋಗಕ್ಕೆ ಬರುತ್ತದೆ. 2024ರ ಡಿಸೆಂಬರ್‌ನಲ್ಲಿ ಬಂದದ್ದು. ನಿಮ್ಮನ್ನು ಫಾಲೋ ಮಾಡದವರಿಗೆ ಮೊದಲು ತೋರಿಸುತ್ತದೆ. ಎಲ್ಲ ಖಾತೆಗಳಿಗೂ ಸಿಗುವುದಿಲ್ಲ. ಸಿಕ್ಕರೆ, ಹುಕ್ ಒಂದನ್ನು ಮಾತ್ರ ಬದಲಿಸಿ ಎರಡು ಹಾಕಿ. ಕಾರ್ಡನ್ನೂ ಕ್ಯಾಪ್ಶನ್ನನ್ನೂ ಜೊತೆಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ಹೋಲಿಸುವಾಗ ಒಂದು ಕಡೆ ಮೋಸ ಹೋಗುವ ಸಾಧ್ಯತೆ ಇದೆ. 2025ರ ಮಾರ್ಚ್ 31ರಿಂದ ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ವಿಡಿಯೋ ಶುರುವಾದರೆ ಸಾಕು, ಒಂದು ವ್ಯೂ ಅಂತ ಎಣಿಸುತ್ತಾರೆ. ಅದಕ್ಕೂ ಮೊದಲು ಸ್ವಲ್ಪ ಹೊತ್ತಾದರೂ ನೋಡಬೇಕಿತ್ತು. ಹಾಗಾಗಿ 2022ರ ವ್ಯೂಗಿಂತ ಈಗಿನ ವ್ಯೂ ಜಾಸ್ತಿ ಬಂದರೆ ತಿದ್ದಿದ್ದು ಫಲಿಸಿತು ಅಂತ ಹೇಳಲಾಗದು. ಹಳೇ ಲೆಕ್ಕ ಈಗ `Engaged views` ಅನ್ನುವ ಹೆಸರಿನಲ್ಲಿ ಸಿಗುತ್ತದೆ, ಅದನ್ನು ಅದಕ್ಕೇ ಹೋಲಿಸಿ. ಏಳನೇ ದಿನದ ಲೆಕ್ಕವನ್ನು ಏಳನೇ ದಿನದ ಲೆಕ್ಕಕ್ಕೇ ಹಿಡಿಯಿರಿ. ಫಾಲೋ ಮಾಡುವವರು ಅತ್ತಿಗೆಯ ಮುಖ ನೋಡಿಯೇ ನಿಲ್ಲುತ್ತಾರೆ, ಆದ್ದರಿಂದ ಫಾಲೋ ಮಾಡದವರ ಲೆಕ್ಕವನ್ನೇ ನಂಬಿ.

ನಮ್ಮ ಎರಡನೇ ತಿದ್ದುಪಡಿಯಲ್ಲಿ ಮೂರನೇ ಸೆಕೆಂಡಿಗೆ 66 ಜನ ಉಳಿದರು. ಮೊದಲ ತಿದ್ದುಪಡಿಯ 70ಕ್ಕಿಂತ ಕಡಿಮೆ. ಆದರೆ ಹತ್ತನೇ ಸೆಕೆಂಡಿಗೆ 51 ಜನ ಇದ್ದರು, ಕೊನೆಗೆ 34. ದೋಸೆ ಮಾಡದವರು ಶುರುವಿನಲ್ಲೇ ಹೋದರು, ಬೇಕಾದವರು ಉಳಿದರು. ಕಾಮೆಂಟುಗಳೂ ಬದಲಾದವು. ಚಪಾತಿಗೆ ಒಂದು, ದೋಸೆಗೆ ಒಂದು ಕಾವಲಿ ಇಟ್ಟುಕೊಂಡರೆ ಸಾಕಾ ಅಂತ ನಾಲ್ಕೈದು ಜನ ಕೇಳಿದ್ದಾರೆ.

ಗೆರೆಯಲ್ಲಿ ಇನ್ನೂ ಒಂದು ಮೆಟ್ಟಿಲಿದೆ, ಹತ್ತೊಂಬತ್ತನೇ ಸೆಕೆಂಡಿನಲ್ಲಿ. ಈರುಳ್ಳಿ ಉಜ್ಜುವ ದೃಶ್ಯ ಅಲ್ಲಿ ಆರು ಸೆಕೆಂಡು ಓಡುತ್ತದೆ, ಎರಡು ಸುತ್ತು ಸಾಕಿತ್ತು. ಮುಂದಿನ ಸಲಕ್ಕೆ ಅದನ್ನು ಮೂರು ಸೆಕೆಂಡಿಗೆ ಇಳಿಸಿ, ಅಕ್ಷರಗಳಿಲ್ಲದ ಒಂದು ಪ್ರತಿಯನ್ನು ಬೇರೆಯಾಗಿ ಎತ್ತಿಟ್ಟಿದ್ದೇನೆ.